ಅಮ್ಮನ ಎರಡು ಫೋಟೊ, ಅಪ್ಪನ ಒಂದು ಪ್ರಶ್ನೆ

ನಮ್ಮ ವಂಶದಲ್ಲಿ ಡಿಗ್ರಿ ಮುಗಿಸಿದ ಮೊದಲನೆಯವನು ನಾನು. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಯಾಕೆಂದರೆ ಮುಂದೆ ಓದುತ್ತ ಹೋದಂತೆ ನಿಮಗೆ ಅನುಮಾನ ಬರಬಹುದು.

ಓಕಳಿಪುರದ ನಮ್ಮ ಮನೆಯ ಹಾಲಿನಲ್ಲಿ, ಬಾಗಿಲಿಗೆ ಎದುರಾಗಿ, ನನ್ನ ಘಟಿಕೋತ್ಸವದ ಫೋಟೊ ಇತ್ತು. ಬಾಡಿಗೆ ಗೌನು, ಕೈಯಲ್ಲಿ ಸುರುಳಿ, ಮುಖದಲ್ಲಿ ಆ ಸುರುಳಿಯನ್ನು ಯಾರೋ ಕಿತ್ತುಕೊಂಡು ಹೋಗುತ್ತಾರೆಂಬ ಭಯ. ಅಮ್ಮ ಶಂಕರಪುರದ ಬೀದಿಗಳಲ್ಲಿ ಸೊಪ್ಪಿನ ಬುಟ್ಟಿ ಹೊತ್ತು ಕೂಗಿ ನನ್ನನ್ನು ಆ ಗೌನಿನೊಳಗೆ ತಲುಪಿಸಿದಳು. ಅವಳದೇ ಒಂದು ನೆಟ್ಟಗಿನ ಫೋಟೊ ಮನೆಯಲ್ಲಿರಲಿಲ್ಲ. ಹಬ್ಬದ ಫೋಟೊಗಳಲ್ಲಿ ಅವಳು ಅರ್ಧ ಭುಜ, ಗುರುತಿನ ಚೀಟಿಯಲ್ಲಿ ಯಾರೋ ಬೇರೆ ಹೆಂಗಸು.

ಒಂದು ದಿನ ಅಮ್ಮನೇ ಬಾಯಿಬಿಟ್ಟಳು. "ನಂದೊಂದು ಫೋಟೊ ತೆಗ್ಸಿ ಗೋಡೆಗೆ ಹಾಕಪ್ಪ. ಬಂದೋರ ಕಣ್ಣಿಗೆ ಬೀಳ್ಬೇಕು. ಬದುಕಿದ್ದಾಗ್ಲೇ ನೋಡ್ಕೊತೀನಿ."

ಅಮ್ಮ ಈವರೆಗೆ ನನ್ನನ್ನು ಕೇಳಿದ್ದು ಇದೊಂದೇ. "ಸ್ಟುಡಿಯೋಕ್ಕೆ ಕರ್ಕೊಂಡ್ಹೋಗ್ರೀ" ಎಂದಳು ನನ್ನ ಹೆಂಡತಿ ಮಂಜುಳಾ. ನಾನು ಒಪ್ಪಲಿಲ್ಲ. ಮೊಬೈಲಿನಲ್ಲಿ ಫೋಟೊಗ್ರಫಿಯ ಪಾಠಗಳನ್ನು ನೋಡಿ ನೋಡಿ ನನಗೆ ಆಗಲೇ ಒಂದು ಮಟ್ಟದ ಪಾಂಡಿತ್ಯ ಬಂದಿತ್ತು. ಇಲಾಖೆಯಲ್ಲಿ ಸೂಪರಿಂಟೆಂಡೆಂಟ್ ಆದವನಿಗೆ ಒಂದು ಮುಖ ಕಷ್ಟವೆ?

ಅಮ್ಮ ಹಸಿರು ಸೀರೆ ಉಟ್ಟಳು, ಅಂಗೈ ಅಗಲದ ಕೆಂಪು ಅಂಚಿನದು. ಹಣೆಗೆ ಎಂದಿನಂತೆ ಕಾಸಗಲ ಕುಂಕುಮ. ಕಿಟಕಿಯ ಪಕ್ಕ ಕೂರಿಸಿ, ಬೆಳಕು ಒಂದು ಕೆನ್ನೆಗೆ ಜಾಸ್ತಿ, ಇನ್ನೊಂದಕ್ಕೆ ಕಮ್ಮಿ ಬೀಳುವಂತೆ ಮಾಡಿ ತೆಗೆದೆ. ಮನೆಯ ಹಿಂದೆ ರೈಲು ಹೋಯಿತು. ಅಮ್ಮ ಆ ಕಡೆ ಕಣ್ಣು ಹೊರಳಿಸಿ, ತುಟಿಯ ಒಂದು ಮೂಲೆಯಲ್ಲಿ ನಕ್ಕಳು. ಆ ಕ್ಷಣ ಸಿಕ್ಕಿಬಿಟ್ಟಿತು. ಇಲ್ಲಿಯವರೆಗೆ ಎಲ್ಲವೂ ಸರಿಯಾಗಿತ್ತು. ನಾನು ಇಲ್ಲಿಗೇ ನಿಲ್ಲಿಸಬಹುದಿತ್ತು.

ಆದರೆ ದೊಡ್ಡದು ಮಾಡಿ ನೋಡಿದಾಗ ಅಮ್ಮನ ಹಿಂದೆ, ಸ್ಟೂಲಿನ ಮೇಲೆ, ಒಂದು ನೀಲಿ ಪ್ಲಾಸ್ಟಿಕ್ ಕೊಡ ಕೂತಿತ್ತು. ಕಣ್ಣು ಮೊದಲು ಕೊಡಕ್ಕೆ ಹೋಗುತ್ತದೆ, ಆಮೇಲೆ ಅಂಚಿಗೆ, ಪುರುಸೊತ್ತಾದರೆ ಅಮ್ಮನಿಗೆ. ಚಿತ್ರವನ್ನು ಕಪ್ಪು-ಬಿಳುಪಿಗೆ ತಿರುಗಿಸಿದೆ. ಕೊಡ ಬೂದು ಬಣ್ಣಕ್ಕಿಳಿದು ಸುಮ್ಮನಾಯಿತು. ಮುಖ ಮುಂದೆ ಬಂತು. ನೆರಿಗೆಗಳು, ಕಿಟಕಿಯ ಬೆಳಕು, ಕಣ್ಣಿನೊಳಗಿನ ಹೊಳಪು, ಎಲ್ಲ ಎದ್ದು ಕಂಡವು. ಯಾವುದರಲ್ಲಿ ಭಾವ ಹೆಚ್ಚು ಎಂಬ ಪ್ರಶ್ನೆ ಹುಟ್ಟಿತು. ಹುಟ್ಟಿಸಿದವನು ನಾನೇ.

ನಿರ್ಧಾರವನ್ನು ಕ್ರಮಬದ್ಧವಾಗಿ ಕೈಗೊಳ್ಳುವುದೆಂದು ತೀರ್ಮಾನಿಸಿದೆ. ಎರಡನ್ನೂ ಒಂದೇ ಅಳತೆಯಲ್ಲಿ, ಒಂದೇ ಕಾಗದದ ಮೇಲೆ ಚಿಕ್ಕದಾಗಿ ಪ್ರಿಂಟ್ ಹಾಕಿಸಿ ಗೋಡೆಗೆ ಅಕ್ಕಪಕ್ಕ ಅಂಟಿಸಿದೆ. ಬೆಳಗಿನ ಬೆಳಕಿನಲ್ಲೊಮ್ಮೆ, ಟ್ಯೂಬ್‌ಲೈಟಿನಲ್ಲೊಮ್ಮೆ ನೋಡಬೇಕು. ಒಂದನ್ನು ಮುಚ್ಚಿ ಇನ್ನೊಂದನ್ನು ನೋಡಬೇಕು. ಕಣ್ಣು ಕಿರಿದು ಮಾಡಿ ನೋಡಿದರೆ ಸಣ್ಣಪುಟ್ಟ ವಿವರ ಮಾಯವಾಗಿ ಬೆಳಕು-ನೆರಳು ಮಾತ್ರ ಉಳಿಯುತ್ತದೆ. ತಲೆಕೆಳಗೆ ಮಾಡಿದರೆ ಅದು ಅಮ್ಮ ಎಂಬ ಮಮತೆ ಅಡ್ಡ ಬರುವುದಿಲ್ಲ.

ಅಮ್ಮ ಬಂದು ನೋಡಿದಾಗ ಎರಡೂ ತಲೆಕೆಳಗಾಗಿದ್ದವು.

"ಯಾಕಪ್ಪ, ನನ್ನ ನೇತು ಹಾಕಿದೀಯ?"

ಮನೆಯವರ ಅಭಿಪ್ರಾಯ ಆಹ್ವಾನಿಸಲಾಯಿತು. ಮಂಜುಳಾ ಬಹಳ ಹೊತ್ತು ನೋಡಿ ಹೇಳಿದಳು. "ಬಣ್ಣದ್ದರಲ್ಲಿ ಅತ್ತೆ ನಗ್ತಿದಾರೆ. ಕಪ್ಪು-ಬಿಳುಪಲ್ಲಿ ಏನೋ ನೆನಪಿಸ್ಕೊಂಡು ಸಂಕಟ ಪಡ್ತಿದಾರೆ. ಅದೇ ಬಾಯಿ, ಅದೇ ಕಣ್ಣು. ಹೆಂಗ್ರೀ ಅದು?"

ಹೌದು, ಅದೇ ವಿಚಿತ್ರ. ಬಣ್ಣದಲ್ಲಿ ಎಲೆ ಅಡಿಕೆಯ ಕೆಂಪು ತುಟಿಯ ಮೇಲಿತ್ತು, ಕೆನ್ನೆಗೆ ಬಿಸಿಲಿನ ಬಿಸುಪಿತ್ತು. ಅವೆರಡೂ ಸೇರಿ ಅರ್ಧ ನಗೆಯನ್ನು ಪೂರ್ತಿ ಮಾಡುತ್ತಿದ್ದವು. ಬಣ್ಣ ತೆಗೆದರೆ ಉಳಿದದ್ದು ನೆರಳು. ನೆರಳು ಸೀದಾ ಕಣ್ಣಿನ ಕೆಳಗಿನ ಗುಳಿಗೆ ಹೋಗಿ ಕೂತಿತ್ತು.

"ಅದೇ ಬೇಕಾಗಿರೋದು" ಎಂದೆ. "ಅಮ್ಮನ ಕಷ್ಟ ಕಾಣ್ಬೇಕು. ಘನತೆ ಕಾಣ್ಬೇಕು."

"ಕಷ್ಟ ನಂದು" ಎಂದಳು ಅಮ್ಮ. "ಗೋಡೆಗ್ಯಾಕೆ ಅದು?"

ಅಪ್ಪ ರೈಲ್ವೆ ಹಳಿಯ ಕೆಲಸದಿಂದ ನಿವೃತ್ತನಾದವನು, ಮಾತು ಕಡಿಮೆ. ಎರಡನ್ನೂ ನೋಡಿ, "ಎರಡೂ ಅವ್ಳೇ" ಎಂದು ತೀರ್ಪು ಕೊಟ್ಟು ಹೊರಗೆ ಹೋದ.

ನಾನು ಭಾವದ ಬಗ್ಗೆ ಇನ್ನಷ್ಟು ಮಾತಾಡಿದೆ. ಕೊನೆಗೆ ಅಮ್ಮ ಸೋತಳು. "ನೀನು ಓದಿದೋನು. ನಿಂಗೆ ಹೆಂಗೆ ತೋಚುತ್ತೋ ಹಂಗೆ ಮಾಡು. ಆದ್ರೆ ಅಂಚು ಕಾಣ್ಬೇಕು. ಇದ್ರಲ್ಲಿ ಅಂಚೇ ಇಲ್ವಲ್ಲ."

ನಿಜ. ಸೀರೆಯ ಹಸಿರು, ಅಂಚಿನ ಕೆಂಪು, ಬಣ್ಣದಲ್ಲಿ ಒಂದಕ್ಕೊಂದು ಜಗಳಕ್ಕೆ ನಿಂತಂತಿದ್ದವು. ಆದರೆ ಎರಡರ ಕಡುಪೂ ಹೆಚ್ಚುಕಡಿಮೆ ಒಂದೇ. ಬಣ್ಣ ತೆಗೆದ ಕೂಡಲೇ ಎರಡೂ ಒಂದೇ ಬೂದು ಬಣ್ಣವಾಗಿ ಬೆರೆತುಹೋಗಿದ್ದವು. ಇಂಥ ಸೀರೆಗೆ ಅಂಚಿಲ್ಲ ಎಂದರೆ ಅವಳು ಸಹಿಸುವುದಾದರೂ ಹೇಗೆ?

ನನ್ನ ಪಾಂಡಿತ್ಯಕ್ಕೆ ಇದು ಸುಲಭ. ಕಪ್ಪು-ಬಿಳುಪು ಮಾಡುವಾಗ ಯಾವ ಬಣ್ಣ ಎಷ್ಟು ಬೆಳ್ಳಗೆ, ಯಾವುದು ಎಷ್ಟು ಕಪ್ಪಗೆ ಬರಬೇಕೆಂದು ನಾವೇ ಹೇಳಬಹುದು. ಲ್ಯಾಪ್‌ಟಾಪಿನಲ್ಲಿ ಪ್ರತಿ ಬಣ್ಣಕ್ಕೂ ಒಂದು ಪಟ್ಟಿ ಇರುತ್ತದೆ. ಅದರ ಗುಂಡಿಯನ್ನು ಎಳೆದರಾಯಿತು. ಕೆಂಪಿನ ಗುಂಡಿಯನ್ನು ಬಲಕ್ಕೆ ಎಳೆದೆ. ಅಂಚು ಬೆಳ್ಳಗೆ ಹೊಳೆಯಿತು. ಹಸಿರನ್ನು ಎಡಕ್ಕೆ ಎಳೆದೆ. ಸೀರೆ ಕಡುಗಪ್ಪಾಯಿತು. ಅಂಚು ಅಂದರೆ ಅಂಚು!

ಇನ್ನೂ ಒಂದು ಲಾಭವಾಯಿತು. ನಮ್ಮ ಮೈಬಣ್ಣದಲ್ಲಿ ಕೆಂಪಿನ ಪಾಲು ಬಹಳ. ಹಾಗಾಗಿ ಮುಖವೂ ಬೆಳಗಿತು, ನೆರಿಗೆಗಳು ತೆಳುವಾದವು, ಅಮ್ಮ ಹತ್ತು ವರ್ಷ ಚಿಕ್ಕವಳಾದಳು. ನಾನು ಅಂಚನ್ನು ನೋಡಿದೆ, ಕೆನ್ನೆಯನ್ನು ನೋಡಿದೆ, ನನ್ನನ್ನೇ ಮೆಚ್ಚಿಕೊಂಡೆ. ಮಂಜೂರಾದ ಕಡತವನ್ನು ಆಮೇಲೆ ತಿದ್ದಬಾರದು. ಕಚೇರಿಯಲ್ಲಿ ನಾನೇ ಎಲ್ಲರಿಗೂ ಹೇಳುವ ಮಾತು. ಯಾರಿಗೂ ತೋರಿಸದೆ ದೊಡ್ಡ ಪ್ರಿಂಟಿಗೆ ಕಳಿಸಿದೆ.

ಚಾಮರಾಜಪೇಟೆಯ ಫ್ರೇಮಿನ ಅಂಗಡಿಯವರು ಚಿತ್ರವನ್ನು ಎರಡೂ ಕೈಯಲ್ಲಿ ಹಿಡಿದು, ದನಿ ತಗ್ಗಿಸಿ ಕೇಳಿದರು. "ತಾಯಿಯವ್ರಾ ಸಾರ್?"

"ಹೌದು."

"ಗಂಧದ ಹಾರ ನಮ್ ಕಡೆಯಿಂದ್ಲೇ ಹಾಕಿ ಕೊಡ್ತೀವಿ."

"ಬೇಡ. ಅಮ್ಮ ಚೆನ್ನಾಗಿದಾರೆ."

"ಹೌದಾ?" ಎಂದು ಅವರು ಚಿತ್ರವನ್ನು ಇನ್ನೊಮ್ಮೆ ನೋಡಿದರು. "ಸಂತೋಷ ಸಾರ್."

ಕಪ್ಪು-ಬಿಳುಪಿನ ಘನತೆ ಜನರಿಗೆ ಬೇಗ ಅರ್ಥವಾಗುವುದಿಲ್ಲ ಎಂದುಕೊಂಡು, ಆಳವಾದ ಒಳ್ಳೆಯ ಫ್ರೇಮನ್ನೇ ಆರಿಸಿದೆ. ಗಾಜಿಗೂ ಚಿತ್ರಕ್ಕೂ ನಡುವೆ ಎರಡು ಬೆರಳು ಜಾಗ ಬಿಡುವ ನಮೂನೆ. ಅದಕ್ಕೂ ಮುಂದೆ ಕೆಲಸವಿತ್ತು.

ಭಾನುವಾರ ನೆಂಟರನ್ನು ಊಟಕ್ಕೆ ಕರೆದೆ. ಬಾಗಿಲಿಗೆ ಎದುರಾಗಿ ನನ್ನ ಘಟಿಕೋತ್ಸವದ ಪಕ್ಕದಲ್ಲೇ ಹೊಸ ಮೊಳೆ ಹೊಡೆದು ಫ್ರೇಮು ತೂಗುಹಾಕಿ, ಮೇಲೆ ಟವಲು ಹೊದಿಸಿದೆ. ಅಮ್ಮ ಅದೇ ಹಸಿರು ಸೀರೆ ಉಟ್ಟು ಮುಂದಿನ ಕುರ್ಚಿಯಲ್ಲಿ ಕೂತಳು. ಅನಾವರಣ ಅಪ್ಪನ ಕೈಯಿಂದ. ನಾನು ಭಾವದ ಬಗ್ಗೆ ನಾಲ್ಕು ಮಾತಾಡಿದೆ. ಅಪ್ಪ ಟವಲು ಎಳೆದ.

ಅಡುಗೆಮನೆಯಲ್ಲಿ ಕುಕ್ಕರು ಕೂಗಿ ಸುಮ್ಮನಾಯಿತು.

ಅಪ್ಪ ಚಿತ್ರದ ಹತ್ತಿರ ಹೋಗಿ ನೋಡಿದ. ಹಿಂದೆ ಸರಿದು ನೋಡಿದ. ಆಮೇಲೆ ತನ್ನ ಎದೆ ಮುಟ್ಟಿಕೊಂಡು ನನ್ನನ್ನು ಕೇಳಿದ. "ಏನಪ್ಪ, ನಾನು ಯಾವಾಗ ಹೋದೆ?"

ಆಗ ನಾನು ಹಣೆಯನ್ನು ನೋಡಿದೆ. ಹಣೆ ಬರಿದಾಗಿತ್ತು.

ಕುಂಕುಮವೂ ಕೆಂಪೇ ಅಲ್ಲವೆ? ಅಂಚನ್ನು ಬೆಳಗಿಸಿದ ಗುಂಡಿ ಅದನ್ನೂ ಬೆಳಗಿಸಿ, ಪಕ್ಕದ ಚರ್ಮದ ಬಣ್ಣಕ್ಕೆ ಸಮ ಮಾಡಿ, ಹಣೆಯೊಳಗೆ ಕರಗಿಸಿಬಿಟ್ಟಿತ್ತು. ಅಮ್ಮ ಮದುವೆಯಾದಂದಿನಿಂದ ಒಂದು ದಿನವೂ ತಪ್ಪಿಸದ ಕುಂಕುಮ. ಬೆಳ್ಳಗಿನ ಅಂಚು ಬೇರೆ ಮೈಗೆ ಸುತ್ತಿಕೊಂಡು, ಗಂಡ ತೀರಿಕೊಂಡ ಹೆಂಗಸಾಗಿ ಅವಳು ಗೋಡೆಯ ಮೇಲೆ ಕೂತಿದ್ದಳು. ಗಂಡ ಟವಲು ಹಿಡಿದು ಪಕ್ಕದಲ್ಲಿ ನಿಂತಿದ್ದ.

"ಕುಂಕುಮ ಎಲ್ಲೋ?" ಎಂದಳು ಅಮ್ಮ.

"ಇದೆ ಅಮ್ಮ. ಕಾಣಲ್ಲ ಅಷ್ಟೇ."

"ಹಂಗಾದ್ರೆ ನಿಮ್ಮಪ್ಪನೂ ಇದಾರೆ, ಕಾಣಲ್ಲ ಅಷ್ಟೇ ಅನ್ನು."

ನಾನು ಕೆಂಪು ಪಟ್ಟಿಯ ಬಗ್ಗೆ ವಿವರಿಸಲು ಹೊರಟೆ. ನೆಂಟರು ನನ್ನನ್ನು ಅನುಕಂಪದಿಂದ ನೋಡಿದರು. ವಿವರಣೆ ಮುಗಿಯುವ ಮೊದಲೇ ಪರಿಹಾರ ಹೊಳೆಯಿತು. ದೇವರ ಮನೆಯಿಂದ ಕುಂಕುಮದ ಬಟ್ಟಲು ತಂದು, ಗಾಜಿನ ಮೇಲೆ, ಹಣೆಯ ನೇರಕ್ಕೆ, ಅಗಲವಾಗಿ ಒಂದು ಬೊಟ್ಟಿಟ್ಟೆ. ಅಪ್ಪ ಬದುಕಿ ಬಂದ.

"ಸರಿಯಾಯ್ತಲ್ಲ?" ಎಂದೆ.

"ನಿಮಗೆ ಸರಿ" ಎಂದಳು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಮಂಜುಳಾ. "ಇಲ್ಲಿಂದ ನೋಡಿದ್ರೆ ಹುಬ್ಬಿನ ಮೇಲಿದೆ."

ಗಾಜಿಗೂ ಚಿತ್ರಕ್ಕೂ ಇದ್ದ ಎರಡು ಬೆರಳ ಜಾಗ ಕೆಲಸ ಶುರುಮಾಡಿತ್ತು. ಎದುರಿಗೆ ನಿಂತರೆ ಹಣೆ, ಅಡುಗೆಮನೆಯಿಂದ ಹುಬ್ಬು, ಬಾಗಿಲ ಮೂಲೆಯಿಂದ ಕಿವಿಯ ಕಡೆ. ನೆಂಟರು ಒಬ್ಬೊಬ್ಬರಾಗಿ ಎದ್ದು ಜಾಗ ಬದಲಾಯಿಸಿ ನೋಡತೊಡಗಿದರು. ಎಲ್ಲರೂ ಎದುರಿಗೇ ಕೂರಬೇಕೆಂದು ನಾನು ಕುರ್ಚಿಗಳನ್ನು ಸಾಲಾಗಿ ಜೋಡಿಸುತ್ತಿದ್ದಾಗ, ಅಮ್ಮನ ತಂಗಿ, ನನ್ನ ಚಿಕ್ಕಮ್ಮ, ಸೆರಗು ಬಾಯಿಗಿಟ್ಟುಕೊಂಡು ಬಿಕ್ಕಿದಳು.

"ಏನಾಯ್ತು ಚಿಕ್ಕಮ್ಮ?"

"ಗಾಜಿನ ಮೇಲೆ ಕುಂಕುಮ ಇಡೋದು ದೇವರಿಗೆ, ಇಲ್ಲಾ ಹೋದೋರಿಗೆ ಕಣೋ. ನಮ್ಮಕ್ಕ ಇನ್ನೂ ಇಲ್ಲೇ ಕೂತಿದಾಳಲ್ಲೋ."

ಅಡುಗೆ ಆರುವಷ್ಟರಲ್ಲಿ ಮೊದಲು ಅಪ್ಪನನ್ನು ಕಳಿಸಿ, ಅಪ್ಪನನ್ನು ಕರೆತರಲು ಹೋಗಿ ಅಮ್ಮನನ್ನು ಕಳಿಸಿದ್ದೆ. ಒದ್ದೆ ಬಟ್ಟೆ ತಂದು ಗಾಜು ಒರೆಸಿದೆ. ಕುಂಕುಮ ಹರಡಿ ಅಮ್ಮನ ಮುಖ ಪೂರ್ತಿ ಕೆಂಪಾಯಿತು. ಚಿತ್ರಕ್ಕೆ ಬಣ್ಣ ಬಂದಿದ್ದು ಹಾಗೆ.

ಅಮ್ಮ ಎದ್ದು ಒಳಗೆ ಹೋದಳು. ಹೊರಗೆ ಬಂದಾಗ ಕೈಯಲ್ಲಿ ಆ ಚಿಕ್ಕ ಬಣ್ಣದ ಪ್ರಿಂಟ್ ಇತ್ತು. ಅಷ್ಟು ದಿನ ದಿಂಬಿನ ಕೆಳಗೆ ಇಟ್ಟುಕೊಂಡಿದ್ದಳಂತೆ.

"ಇದನ್ನ ದೊಡ್ಡದು ಮಾಡ್ಸು. ಏನೂ ಎಳೀಬೇಡ, ತಿದ್ಬೇಡ. ಹೆಂಗಿದೆಯೋ ಹಂಗೆ."

"ಆ ಕೊಡನಾದ್ರೂ ಅಳಿಸ್ಲಾ ಅಮ್ಮ? ಕಣ್ಣು ಮೊದಲು ಅಲ್ಲಿಗೇ ಹೋಗುತ್ತೆ."

"ಹೋಗ್ಲಿ ಅಂತಾನೇ ನಾನೇ ತಂದಿಟ್ಟಿದ್ದು. ಹೊಸದು."

ಸೀರೆ ಅವಳು ಆರಿಸಿದ್ದು, ಕುಂಕುಮ ಅವಳು ಇಟ್ಟದ್ದು, ಕೊಡವೂ ಅವಳೇ ಇಟ್ಟದ್ದು. ಅವಳು ಒಂದೊಂದು ಬಣ್ಣವನ್ನೂ ಯೋಚಿಸಿ ತಂದು ಕೂತಿದ್ದಳು. ನಾನು ಭಾವ ಹುಡುಕುತ್ತ ಅಷ್ಟನ್ನೂ ತೆಗೆದುಹಾಕಿದ್ದೆ. ಇದು ಯಾವ ಪಾಠದಲ್ಲೂ ಇರಲಿಲ್ಲ.

ಮರುದಿನ ಫ್ರೇಮಿನ ಅಂಗಡಿಗೆ ಹೊರಟಾಗ ಅಪ್ಪನೂ ಚಪ್ಪಲಿ ಮೆಟ್ಟಿದ. ಬರಬೇಕಾಗಿಲ್ಲ ಎಂದರೆ ಕೇಳಲಿಲ್ಲ. "ನಾನಿರೋದು ಅವ್ರಿಗೂ ಗೊತ್ತಾಗ್ಲಿ" ಎಂದ. ಬಣ್ಣದ ದೊಡ್ಡ ಪ್ರಿಂಟನ್ನು ಫ್ರೇಮಿಗೆ ಹಾಕಿ ಕೊಡುವಾಗ ಅಂಗಡಿಯವರು ಅಪ್ಪನಿಗೆ ಕಾಫಿ ತರಿಸಿದರು.

ಈಗ ಅಮ್ಮ ಬಾಗಿಲಿಗೆ ಎದುರಾಗಿ ನಗುತ್ತಿದ್ದಾಳೆ. ಬಂದವರೆಲ್ಲ ಮೊದಲು ಕೊಡ ನೋಡುತ್ತಾರೆ, ಎಲ್ಲಿ ತಗೊಂಡ್ರಿ ಎಂದು ಕೇಳುತ್ತಾರೆ, ಅಮ್ಮ ಹೇಳುತ್ತಾಳೆ. ಹೊಸ ಮೊಳೆ ಆ ಆಳದ ಫ್ರೇಮಿನ ಭಾರಕ್ಕೆ ಸಡಿಲಾಗಿತ್ತು. ಹಾಗಾಗಿ ಅವಳಿಗೆ ನನ್ನ ಘಟಿಕೋತ್ಸವದ ಗಟ್ಟಿ ಮೊಳೆಯನ್ನೇ ಬಿಟ್ಟುಕೊಡಬೇಕಾಯಿತು. ವಂಶದ ಮೊದಲ ಪದವೀಧರ ಸದ್ಯ ವಾಷಿಂಗ್ ಮೆಷಿನ್ನಿನ ಮೇಲಿನ ಗೋಡೆಯಲ್ಲಿದ್ದಾನೆ. ಅಲ್ಲಿ ಬೆಳಕು ಸಾಲದು. ಬಣ್ಣದ ಫೋಟೊವೇ ಆದರೂ ಆ ಕತ್ತಲಿಗೆ ಬರೀ ಕಪ್ಪು-ಬಿಳುಪಾಗಿ ಕಾಣುತ್ತದೆ.

ಬಟ್ಟೆ ಹಾಕಲು ಹೋದಾಗಲೆಲ್ಲ ಮಂಜುಳಾ ಒಂದು ಗಳಿಗೆ ನಿಂತು, ಕಣ್ಣು ಕಿರಿದು ಮಾಡಿ ನೋಡುತ್ತಾಳೆ.

"ಈಗ ನೋಡ್ರೀ, ನಿಮ್ಮ ಮುಖಕ್ಕೆ ಭಾವ ಬಂದಿದೆ."