ಕನ್ನಡಿಯಿಂದ ಕನ್ನಡಿಗೆ

ಬೆಳಿಗ್ಗೆ ಹತ್ತೂವರೆಗೆ ನಿವೃತ್ತ ಶಿಕ್ಷಕ ತಿಪ್ಪೇರುದ್ರಪ್ಪನವರು ಚಳ್ಳಕೆರೆಯ ಕಾರ್ ಶೋರೂಮಿನಲ್ಲಿ ಏಳು ಸೀಟಿನ ಕಾರಿನ ಒಂದು ಕನ್ನಡಿಯಿಂದ ಇನ್ನೊಂದು ಕನ್ನಡಿಗೆ ನೂಲು ಹಿಡಿದು ನಿಂತಿದ್ದರು.

ನೂಲಿನ ಇನ್ನೊಂದು ತುದಿ ಪಕ್ಕದ ಮನೆಯ ಸೀರೆ ವ್ಯಾಪಾರಿ ಓಬಳೇಶನ ಕೈಯಲ್ಲಿತ್ತು. ಮೊಳಕಾಲ್ಮೂರಿನ ನೇಕಾರರ ಓಣಿಯಲ್ಲಿ ಓಬಕ್ಕನ ಮನೆ ಜಗುಲಿ ಎಲ್ಲಕ್ಕಿಂತ ಮುಂದಕ್ಕೆ ಚಾಚಿದೆ. ಅಲ್ಲಿ ಓಣಿ ಎಷ್ಟು ಅಗಲವೋ ಅಷ್ಟಕ್ಕೆ ಸರಿಯಾಗಿ ಮೇಷ್ಟ್ರು ಮುಂಜಾನೆ ನೂಲಿಗೆ ಗಂಟು ಹಾಕಿಕೊಂಡು ಬಂದಿದ್ದರು.

"ನಾಕು ಬೆರಳು ಹೆಚ್ಚೈತೆ. ಬರಲ್ಲ" ಎಂದರು.

"ಬ್ರೋಷರ್‌ನಲ್ಲಿ ಅಗಲ ಕಮ್ಮಿನೇ ಐತೆ ಸಾರ್" ಎಂದ ಸೇಲ್ಸ್‌ನ ಮಾರುತೇಶ.

"ಅದ್ರಲ್ಲಿ ಕನ್ನಡಿ ಸೇರ್ಸಿಲ್ಲಪ್ಪ. ಕಿವಿ ಬಿಟ್ಟು ತಲೆ ಅಳೆದಂಗಾತು."

"ಕನ್ನಡಿ ಮಡಚ್ಕೋಬೋದು ಸಾರ್."

"ಮಡಚಿದ ಮೇಲೆ ಜಗುಲಿಗೆ ಸಿಕ್ಕಾಕ್ಕೊಂಡ್ರೆ ಬಾಗ್ಲು ಹೆಂಗೆ ತೆಗೀಲಿ? ಡಿಕ್ಕಿಯಿಂದ ಇಳೀಲಾ?"

ಮೇಷ್ಟ್ರ ಆಸೆ ದೊಡ್ಡದಲ್ಲ. ಮೂವತ್ತು ವರ್ಷದಿಂದ ಬಸ್ಸಿನಲ್ಲಿ ನಿಂತೇ ಓಡಾಡಿದ ಹೆಂಡತಿ ಕಮಲಾಕ್ಷಮ್ಮನನ್ನು ಪಕ್ಕದ ಸೀಟಿನಲ್ಲಿ ಕೂರಿಸಿಕೊಂಡು, ಇಬ್ಬರೇ ನಾಯಕನಹಟ್ಟಿಯ ಗುಡಿಗೆ ಹೋಗಿಬರಬೇಕು. ಅದಕ್ಕೆಂದೇ ಡ್ರೈವಿಂಗ್ ಸ್ಕೂಲಿಗೆ ಸೇರಿ ಲೈಸೆನ್ಸ್ ಮಾಡಿಸಿದ್ದರು. ಕಾರು ಮನೆ ಬಾಗಿಲಿಗೆ ಬರಬೇಕು, ಚಿಕ್ಕದಾಗಿರಬೇಕು. ಏಳು ಸೀಟಿದ್ದರೆ ಏಳೂ ತುಂಬುತ್ತವೆ ಎಂಬುದು ಅವರು ಯಾರಿಗೂ ಹೇಳದ ಲೆಕ್ಕ.

ಆ ಲೆಕ್ಕ ಸರಿಯೆಂದು ತೋರಿಸಲೋ ಎಂಬಂತೆ ಓಬಳೇಶ ಆಗಲೇ ನೂಲು ಬಿಟ್ಟು ಕೊನೆಯ ಸಾಲಿನಲ್ಲಿ ಕಾಲು ಚಾಚಿ ಕೂತಿದ್ದ. "ಚಾಲಾ ಬಾಗುಂದಿ, ಭಾಳ ಚೆನ್ನಾಗೈತೆ ಮೇಷ್ಟ್ರೇ! ನಾನು, ನನ್ನ ಸೀರೆ ಗಂಟು, ಎರಡೂ ಹಿಡಿತಾವೆ. ಇದ್ನೇ ತಗೊಳ್ರಿ."

"ಇಳಿಯೋ ಲೇ" ಎಂದರು ಮೇಷ್ಟ್ರು.

ಮಾರುತೇಶ ಸಂತೆಯಲ್ಲಿ ಎಮ್ಮೆ ಮಾರುವವನಂತೆ ಕಾರಿನ ಬೆನ್ನು ತಟ್ಟಿದ. "ತಿಂಗಳ ಕಂತಿನಲ್ಲಿ ವ್ಯತ್ಯಾಸ ಅಂದ್ರೆ ದಿನಕ್ಕೆ ಎರಡು ಕಾಫಿ ಸಾರ್, ಅಷ್ಟೇ."

"ಎಷ್ಟು ವರ್ಷ ಕುಡೀಬೇಕು ಆ ಕಾಫೀನ?"

"ಏಳು ವರ್ಷ ಸಾರ್."

"ಅಷ್ಟು ಕಾಫಿ ಕುಡಿದ್ರೆ ನಿದ್ದೆ ಬರಲ್ಲಪ್ಪ."

"ಚಿಕ್ಕದಕ್ಕೆ ಎರಡು ತಿಂಗಳು ಕಾಯ್ಬೇಕು. ಇದು ಇವತ್ತೇ ರೆಡಿ ಐತೆ."

"ಯಾವ ಬಣ್ಣಕ್ಕೆ ಎರಡು ತಿಂಗಳು? ಯಾವ ಮಾಡೆಲ್‌ಗೆ?"

ಮಾರುತೇಶ ಸ್ಟಾಕ್ ಪಟ್ಟಿ ತೆಗೆದು ತೋರಿಸಬೇಕಾಯಿತು. ಕೆಂಪು ಬಣ್ಣದ, ಎಲ್ಲ ಸೌಲಭ್ಯವಿರುವ ಮಾಡೆಲ್‌ಗೆ ಮಾತ್ರ ಕಾಯಬೇಕಿತ್ತು. ಬಿಳಿಯ ಸಾಧಾರಣ ಕಾರು ಹಿಂದಿನ ಯಾರ್ಡ್‌ನಲ್ಲೇ ಧೂಳು ಹೊದ್ದು ನಿಂತಿತ್ತು. ಮೇಷ್ಟ್ರು ಅದಕ್ಕೂ ನೂಲು ಹಿಡಿದರು. ಕನ್ನಡಿಯಿಂದ ಕನ್ನಡಿಗೆ ಹೋಗಿ, ಗಂಟಿಗೆ ಇನ್ನೂ ಒಂದು ಗೇಣು ಉಳಿಯಿತು.

ಪರೀಕ್ಷೆಗೆ ಓಡಿಸುವಾಗ ಮಾರುತೇಶ ಹೈವೇಗೆ ಕರೆದ. ಮೇಷ್ಟ್ರು ಎಣ್ಣೆ ಮಿಲ್ಲಿನ ಹಿಂದಿನ ಸಂದಿಗೆ ತಿರುಗಿಸಿ, ಅಷ್ಟುದ್ದಕ್ಕೂ ರಿವರ್ಸ್‌ನಲ್ಲೇ ಬಂದರು. "ಹೈವೇಲಿ ಎಲ್ಲಾ ಕಾರೂ ಚೆನ್ನಾಗೇ ಓಡ್ತಾವೆ. ನಮ್ಮ ಓಣೀಲಿ ತಿರುಗ್ಸಾಕೆ ಜಾಗ ಇಲ್ಲ, ಹಿಂದೆಹಿಂದೆ ಬರ್ಬೇಕು."

ಬಿಲ್ಲಿನ ಅಂದಾಜು ಬಂತು. ಮೇಷ್ಟ್ರು ಕೆಂಪು ಪೆನ್ನು ತೆಗೆದರು. ಕೇಳದ ಸೀಟ್ ಕವರು, ಮ್ಯಾಟು ಸೇರಿದ ಅಲಂಕಾರದ ಕಿಟ್ ಹೊಡೆದುಹಾಕಿದರು. "ಇನ್ಶೂರೆನ್ಸ್ ಇಲ್ಲೇ ಮಾಡಿಸ್ಬೇಕು ಅಂತ ಕಾಯ್ದೆ ಐತಾ?"

"ಇಲ್ಲ ಸಾರ್, ಆದ್ರೆ..."

"ಆದ್ರೆ ಬೇಡ. ಹೊರಗೆ ಕಮ್ಮಿಗೆ ಸಿಗ್ತೈತೆ."

ಮಾರುತೇಶ ಕೊನೆಯ ಬಾಣ ಬಿಟ್ಟ. "ನಿಮ್ಮೂರಿನ ಜಯದೇವಪ್ಪನೋರು ದೊಡ್ಡದೇ ತಗೊಂಡ್ರು ಸಾರ್. ಅವರನ್ನೇ ಕೇಳ್ರಿ, ಎಷ್ಟು ನೆಮ್ಮದಿಯಾಗವ್ರೆ ಅಂತ."

"ಅವರ ಕಾರು ಓಣಿಗೆ ಬರಲ್ಲ. ಮೇನ್ ರೋಡಲ್ಲೇ ಬಿಸಿಲಿಗೆ ನಿಂತೈತೆ" ಎಂದು ಮೇಷ್ಟ್ರು ಗೆದ್ದ ನಗು ನಕ್ಕು, ಬಿಳಿ ಕಾರಿಗೆ ಸಹಿ ಹಾಕಿದರು.

ನೋಂದಣಿ ಮುಗಿದು, ನಂಬರ್ ಪ್ಲೇಟ್ ಬಂದ ಸಂಜೆ ಬಿಳಿ ಕಾರು ಓಬಕ್ಕನ ಜಗುಲಿ ದಾಟಿ, ಬೆಣ್ಣೆಯಲ್ಲಿ ಕೂದಲು ಎಳೆದಂತೆ ಓಣಿಗೆ ಬಂದು ನಿಂತಿತು. ಓಣಿಯೆಲ್ಲ ಹೊರಗೆ ಬಂತು. ಕಮಲಾಕ್ಷಮ್ಮ ಆರತಿ ಎತ್ತಿ, ಮುಂದಿನ ಸೀಟನ್ನು ಒಮ್ಮೆ ಸವರಿದರು.

"ನಾಳೆ ಬೆಳಿಗ್ಗೆ ಇಬ್ರೇ" ಎಂದರು ಮೇಷ್ಟ್ರು ಮೆಲ್ಲಗೆ.

ಬೆಳಿಗ್ಗೆ ಮನೆ ಬಾಗಿಲು ತೆರೆದರೆ, ಆಸ್ಪತ್ರೆಗೆ ಹೊರಟ ಓಬಕ್ಕ ಊದಿದ ಕಾಲು ಚಾಚಿಕೊಂಡು ಕಾರಿನ ಮುಂಬಾಗಿಲ ಪಕ್ಕ ನೆಲದ ಮೇಲೆ ಕುಳಿತಿದ್ದಳು. ಅವಳ ಹಿಂದೆ ಸೀರೆ ಗಂಟಿನೊಂದಿಗೆ ಓಬಳೇಶ, ಅವನ ಹಿಂದೆ ಚಳ್ಳಕೆರೆಯಲ್ಲಿ ಕಣ್ಣು ತೋರಿಸಬೇಕಿದ್ದ ಅದೇ ಓಣಿಯ ಕೆಂಚಣ್ಣ ದಂಪತಿ ನಿಂತಿದ್ದರು.

"ಜಯದೇವಪ್ಪನ ಕಾರು ಐತಲ್ಲವ್ವ" ಎಂದರು ಮೇಷ್ಟ್ರು.

"ಅದ್ರ ಹತ್ರ ಹೋಗ್ಬೇಕಂದ್ರೆ ಮೇನ್ ರೋಡ್ ತಂಕ ನಡೀಬೇಕಲ್ಲಪ್ಪಾ! ಈ ಕಾಲಾಗೆ ಆಗ್ತೈತಾ? ಅದ್ಕೇ ಅವ್ರನ್ನ ಯಾರೂ ಕೇಳಲ್ಲ. ನಿನ್ನ ಕಾರು ನೋಡು, ಬಂಗಾರದಂತದ್ದು, ಜಗುಲಿಗೇ ಬರ್ತೈತೆ."

ಮೇಷ್ಟ್ರು ಹೆಂಡತಿಯ ಮುಖ ನೋಡಿದರು. ಕಮಲಾಕ್ಷಮ್ಮ ಓಬಕ್ಕನ ಕಾಲು ನೋಡಿದರು. ಆಮೇಲೆ ತಾವೇ ಮುಂದಿನ ಬಾಗಿಲು ತೆಗೆದು ಅವಳನ್ನು ಕೂರಿಸಿ, ಸೀಟ್ ಬೆಲ್ಟ್ ಹಾಕಿದರು.

ಹಿಂದಿನ ಸೀಟಿನಲ್ಲಿ ಮೂವರು ತುಂಬಿದ್ದರು. ಕಾರು ಹಿಂದೆಹಿಂದೆ ಸರಿಯುತ್ತ ಓಣಿ ದಾಟಿ ಚಳ್ಳಕೆರೆಗೆ ಹೊರಟಿತು.

ಕಮಲಾಕ್ಷಮ್ಮ ಬಸ್ಸಿನಲ್ಲಿ ನಾಯಕನಹಟ್ಟಿಗೆ ಹೋದರು. ಅಂದು ಕಿಟಕಿ ಪಕ್ಕದ ಸೀಟು ಸಿಕ್ಕಿತು.