ಮೂರು ಮಾತ್ರೆ ಹೋಗಿ, ನಾಲ್ಕು ಮಾತ್ರೆ ಬಂದು

ನಮ್ಮ ಸೋದರಮಾವನ ಹತ್ತಿರ ಯಾರೂ ಗಂಟೆ ಎಷ್ಟೆಂದು ಕೇಳುವುದಿಲ್ಲ. ಕೇಳಿದವರಿಗೆ ಬಸ್ಸು ತಪ್ಪಿದ್ದು ನನಗೇ ಗೊತ್ತು. 'ಎಂಟು ಗಂಟೆ' ಎಂದು ಹೇಳಿ ಮುಗಿಸಬಹುದಾದ ಮಾತನ್ನು ಅವರು ಬಾಯಲ್ಲಿಟ್ಟು ತಿರುಗಿಸಿ, ತೊಡೆಯ ಮೇಲೆ ಬೆರಳಲ್ಲಿ ಎಣಿಸಿ, ಒಂದು ಚರಣ ಮಾಡಿಯೇ ಬಿಡುವುದು. ಅಷ್ಟರಲ್ಲಿ ಎಂಟೂವರೆ!

ಊರು ಕೊಳವಳ್ಳಿ, ನಮ್ಮ ಕನ್ನಡಕ್ಕೆ ಮಲಯಾಳಂ ಬೆರೆತ ಗಡಿಸೀಮೆ. ಮನೆಯ ಹಿಂದೆ ಕಬಿನಿ ಹೊಳೆ, ಆಚೆ ದಡ ಕರ್ನಾಟಕ. ಮಾವನಿಗೆ ಒಂದಿಷ್ಟು ಗದ್ದೆ, ನಾಲ್ಕು ಹಸು, ಮೆಣಸಿನ ಬಳ್ಳಿ. ಗದ್ಯವೆಂದರೆ ಮಾತ್ರ ಹಲ್ಲುನೋವು. ಗೊಬ್ಬರದ ಚೀಲದ ಮೇಲಿನ ಬರಹ, ಮದುವೆ ಕರೆಯೋಲೆ, ಕೊನೆಗೆ ಅತ್ತೆ ಬರೆದುಕೊಟ್ಟ ಸಾಮಾನಿನ ಪಟ್ಟಿ, ಯಾವುದಕ್ಕೂ ಬಿಡುಗಡೆಯಿಲ್ಲ. ಅಂಗಡಿಯಲ್ಲಿ ನಿಂತು ಬೇಳೆಗೆ ಬೆಲ್ಲ ಹೊಂದಿಸುವ ಭರದಲ್ಲಿ ಉಪ್ಪನ್ನು ಬಿಟ್ಟು ಬಂದಿದ್ದರು. "ಉಪ್ಪು ಎಲ್ಲಿ?" ಎಂದು ಅತ್ತೆ ಕೇಳಿದರೆ, "ಅದು ಲಯಕ್ಕೆ ಕೂರ್ಲಿಲ್ಲ ಕಣೇ" ಎಂದರು. ಆ ದಿನ ಸಾರೂ ಲಯಬದ್ಧವಾಗಿ ಸಪ್ಪೆಯಾಗಿತ್ತು.

ಒಮ್ಮೆ ಮಾತ್ರ ಊರೆಲ್ಲ ಅವರನ್ನು ಹೊಗಳಿತು. ಹೊಳೆ ದಾರಿಯಲ್ಲಿ ಆನೆ ತಿರುಗಾಡುತ್ತಿತ್ತು. 'ಸಂಜೆ ಆರರ ನಂತರ ಈ ಮಾರ್ಗದಲ್ಲಿ ಸಂಚರಿಸಬಾರದು' ಎಂಬ ಎಚ್ಚರಿಕೆ ಹಲಗೆಯ ಮೇಲಿತ್ತು; ಅದನ್ನು ಓದಿ ಹೆದರಿದವರು ಯಾರೂ ಇರಲಿಲ್ಲ. ಮಾವ ಅದನ್ನು ಹೀಗೆ ತಿರುಗಿಸಿದರು:

ಆನೆ ಬಂತು, ಆನೆ ಬಂತು,
ಆರು ಹೊಡೆವ ಮುನ್ನ ನಡಿ.

"ನೋಡು ಮಗಳೇ, ಮೂರು ಮೂರು ಮಾತ್ರೆ. ಆ-ನೆ, ಬಂ-ತು. ಗಿಡ್ಡಕ್ಷರ ಒಂದು, ಉದ್ದಕ್ಷರ ಎರಡು. ಸೊನ್ನೆ ಹತ್ತಿದ್ರೆ, ಒತ್ತಕ್ಷರದ ಮುಂಚೆ ಬಂದ್ರೆ ಗಿಡ್ಡದ್ದೂ ಎರಡೇ. ಮೂರರ ಗತಿ ಅಂದ್ರೆ ಓಟ. ಸಂಚರಿಸಬಾರದು ಅಂದ್ರೆ ಯಾರ ಕಾಲು ಓಡ್ತದೆ?" ಎಂದು ನನಗೆ ಪಾಠ ಹೇಳಿದರು. ಗದ್ದೆ ಕೆಲಸದವರು ಐದೂವರೆಗೇ ಅದನ್ನು ಹೇಳಿಕೊಂಡು ಮನೆ ಸೇರತೊಡಗಿದರು.

ಗೆದ್ದವನಿಗೆ ಗೆದ್ದ ಕತ್ತಿಯೇ ಎಲ್ಲ ಕೆಲಸಕ್ಕೂ ಸಾಕೆನಿಸುತ್ತದೆ, ಅಲ್ಲವೇ? ಪಕ್ಕದ ಮನೆಯ ಮುದುಕಪ್ಪನ ಹಸು ಸತ್ತಿತು. 'ಹಾಲು ಕೊಡುತ್ತಿದ್ದ ಗೌರಿ ಹೋದಳು' ಎಂದು ಆತ ಅಳುತ್ತಿದ್ದ. ಮಾವ ಸಮಾಧಾನ ಹೇಳಲು ಹೋಗಿ, ಅದೇ ಮೂರರ ಗತಿಯಲ್ಲಿ ಶುರು ಮಾಡಿದರು:

ಹೋಯಿತಯ್ಯ ಗೌರಿ ಹಸುವು,
ಹಾಲ ಕೊಟ್ಟು ಹಾರಿ ಹೋಯ್ತು.

ಮಾತು ಅದೇ, ಸಾವು ಅದೇ. ಆದರೆ ಎರಡನೆಯ ಸಲ ಹೇಳುವಷ್ಟರಲ್ಲಿ ಸುತ್ತ ಕೂತವರ ಪಾದಗಳು ತಾಳ ಹಾಕತೊಡಗಿದವು! ಮುದುಕಪ್ಪ ಎದ್ದುನಿಂತು, "ನೀ ಈಗ ಮನೆಗೆ ಹೋಗು, ಶರಿ?" ಎಂದ. ಮಾವ ಎಂಟು ದಿನ ಯಾವುದನ್ನೂ ಪದ್ಯ ಮಾಡಲಿಲ್ಲ. ಗಂಡನಿಗೆ ಜ್ವರ ಬಂದಿದೆಯೇನೋ ಎಂದು ಅತ್ತೆಗೆ ಗಾಬರಿಯಾಗಿತ್ತು.

ಇಂಥ ಮಾವನ ಕೈಗೆ ನಾನು ನನ್ನ ಅಮ್ಮನ ಕೊನೆಯ ಕಾಗದ ಕೊಟ್ಟೆ. ನನಗೂ ಬುದ್ಧಿ ಇತ್ತೇ ಎಂದು ಈಗಲೂ ಅನಿಸುತ್ತದೆ.

ಅಮ್ಮ ಎಂದರೆ ಮಾವನ ಅಕ್ಕ. ನಾನು ಆರು ತಿಂಗಳ ಬಸುರಿಯಾಗಿದ್ದಾಗ ಕಾಯಿಲೆಯಿಂದ ಹೋದಳು. ನಾನು ಬಾಣಂತನಕ್ಕೆ ಮಾವನ ಮನೆಗೇ ಬಂದೆ. ನಮ್ಮ ಮನೆಗಳಲ್ಲಿ ಕೂಸನ್ನು ತೊಟ್ಟಿಲಿಗೆ ಹಾಕುವ ದಿನ ಮೊದಲ ಜೋಗುಳ ತಾಯಿಯ ತಾಯಿಯದು. ಅತ್ತೆ ತಾನು ಹಾಡುತ್ತೇನೆಂದರು. ನಾನು ಒಪ್ಪಲಿಲ್ಲ. ನನ್ನ ಮಗಳು ಮೊದಲು ಕೇಳಬೇಕಾದದ್ದು ನನ್ನಮ್ಮನ ಮಾತು ಎಂದು ಹಟ ಹಿಡಿದೆ. ಅಮ್ಮನಿಗೋ ಹಾಡೇ ಬರುತ್ತಿರಲಿಲ್ಲ. ಅವಳು ಬಿಟ್ಟುಹೋದದ್ದು ನೋಟ್‌ಬುಕ್ಕಿನ ಒಂದು ಹಾಳೆ:

'ಕೂಸು ಮಲಗುವ ಕೋಣೆಯ ಕಿಟಕಿಯನ್ನು ಸಂಜೆಯೇ ಮುಚ್ಚು. ಹೊಳೆ ಗಾಳಿ ಬರುತ್ತದೆ. ನನ್ನ ಹಳೇ ನೂಲಿನ ಸೀರೆ ಹರಿದು ಹೊದಿಸು, ಹೊಸ ಬಟ್ಟೆ ಚುಚ್ಚುತ್ತದೆ. ನಾನು ಇರುವುದಿಲ್ಲ. ನೀನು ಇದ್ದೀಯಲ್ಲ.'

ಇದನ್ನು ಜೋಗುಳ ಮಾಡಿಕೊಡು ಎಂದೆ. ತೊಟ್ಟಿಲಿಗೆ ಮೂರೇ ದಿನ ಉಳಿದಿತ್ತು. ಮಾರನೆಯ ದಿನ ಮಾವ ಎದೆಯುಬ್ಬಿಸಿ ತಂದರು:

ಚಂದಮಾಮನ ತೇರಿನೊಳಗಡೆ
ತಾರೆ ಹೂವಿನ ಹಾಸಿಗೆ...

"ಮಾವ, ಇದ್ರಲ್ಲಿ ಅಮ್ಮ ಎಲ್ಲವಳೆ?" ಎಂದು ಕೇಳಿದೆ. ನಮ್ಮಮ್ಮ ಆಕಾಶ ನೋಡುತ್ತಿದ್ದದ್ದು ಬತ್ತ ಒಣಹಾಕಿದಾಗ ಮಾತ್ರ, ಅದೂ ಬೈಯುತ್ತ. ಹೇಳುವಾಗ ನನಗೆ ಅಳು ಬಂತು. ಮಾವ ಹಾಳೆ ಹಿಡಿದು ಹೊಳೆ ಕಡೆ ಹೋದರು.

ಸಂಜೆ ಬಂದು ಬಾಗಿಲ ಬಳಿ ಕೂತರು. "ಗೌರಿ ಹಸೂಗೆ ಮಾಡಿದಂಗೇ ಇಲ್ಲೂ ತಪ್ಪು ಮಾಡಿದ್ದೆ. ಆಗ ಗತಿ ತಪ್ಪಿತ್ತು, ಈಗ ಗತಿ ಶರಿ, ಸಾಮಾನು ತಪ್ಪು. ಅಕ್ಕ ಬರೆದಿರೋದು ಕಿಟಕಿ, ಗಾಳಿ, ಸೀರೆ. ಅಷ್ಟೇ ಇರ್ಬೇಕು, ಬೇರೆ ಒಂದು ಹೂವೂ ಬೇಡ" ಎಂದರು. ಖಾಲಿ ತೊಟ್ಟಿಲನ್ನು ತೂಗಿ ತೋರಿಸಿದರು. "ಹೋಗ್ವಾಗ ಮೂರು, ಬರ್ವಾಗ ನಾಲ್ಕು. ಹೊಳೆಯ, ಗಾಳಿಯು. ಹೋದ್ದಕ್ಕಿಂತ ಬರೋದು ಒಂದು ಮಾತ್ರೆ ನಿಧಾನ. ಅದ್ರಲ್ಲೇ ನಿದ್ದೆ ಇರೋದು."

"ಪ್ರಾಸ ಬೇಡ್ವಾ?"

"ಪ್ರಾಸ ಹುಡುಕ್ತಾ ಹೋದ್ರೆ ಅಕ್ಕ ಹೇಳದ ಮಾತು ಒಳಗೆ ಬತ್ತದೆ. ಕೊನೇಲಿ ಒಂದೇ ಮಾತು ತಿರುಗಿ ಬಂದ್ರೆ ಮತಿ, ಸಾಕು. ಇನ್ನೊಂದು ಕೇಳು. ಕಿಟಕಿ ಮುಚ್ಚು ಅಂತ ಅಕ್ಕ ನಿನಗೆ ಹೇಳವ್ಳೆ. ಕೂಸಿಗೆ ಹಂಗೆ ಹೇಳಕ್ಕಾಯ್ತದಾ? ಮುಚ್ಚಿದೆ ಅನ್ಬೇಕು. ಕೆಲ್ಸ ಆಯ್ತು, ನೀ ಮಲಗು ಅಂತ. ಕಾಗದದಲ್ಲಿರೋ ದಿಗಿಲು ಹಾಡಲ್ಲಿ ಧೈರ್ಯ ಆಗ್ಬೇಕು, ಅಕ್ಕರೆ ಮಾತ್ರ ಅಷ್ಟೇ ಇರ್ಬೇಕು."

ಕಾಗದದ ಕೊನೆಯ ಎರಡು ವಾಕ್ಯಕ್ಕೆ ಬಂದಾಗ ಮಾವನ ಬೆರಳು ನಿಂತಿತು. 'ನಾನು ಇರುವುದಿಲ್ಲ' ಎಂಬುದನ್ನು ತೆಗೆದುಬಿಡೋಣ, ತೊಟ್ಟಿಲ ದಿನ ಅಶುಭ ಎಂದು ಒಳಗಿನಿಂದ ಅತ್ತೆ ಹೇಳಿದರು. ಮಾವ ನನ್ನ ಮುಖ ನೋಡಿದರು. ಇರಲಿ ಎಂದೆ. ಅದನ್ನು ತೆಗೆದರೆ ಅಮ್ಮ ಸುಳ್ಳು ಹೇಳಿದಂತಾಗುತ್ತಿತ್ತು.

ತೊಟ್ಟಿಲ ದಿನ ಆಚೆ ದಡದಿಂದಲೂ ನೆಂಟರು ಬಂದಿದ್ದರು. ಅಮ್ಮನ ಸೀರೆಯನ್ನು ಎರಡು ತುಂಡು ಮಾಡಿ ಒಂದನ್ನು ಕೂಸಿಗೆ ಹೊದಿಸಿ, ಅಮ್ಮನ ಮಾತಾಗಿ ನಾನೇ ಹಾಡಿದೆ. ಆಫೀಸಿನಲ್ಲಿ ಮಲಯಾಳಂ ಅರ್ಜಿ ಬರೆಯುವವಳು ನಾನು. ನನ್ನ ಬಾಯಲ್ಲಿ ಹಾಡು ಯಾರೂ ಕೇಳಿರಲಿಲ್ಲ.

ಹೊಳೆಯ ಗಾಳಿಯು ಬರುವ ಹೊತ್ತಿದು
ಕಿಟಕಿ ಮುಚ್ಚಿದೆ ಮಲಗು ಕಂದಾ.
ಹಳೆಯ ನೂಲಿನ ಸೀರೆ ಹೊದಿಸಿದೆ
ಮೈಗೆ ಮೆತ್ತಗೆ ಮಲಗು ಕಂದಾ.
ನಾನು ಇಲ್ಲದ ಮನೆಯ ಒಳಗೂ
ಅಮ್ಮ ಇರುವಳು ಮಲಗು ಕಂದಾ.

ಎರಡನೆಯ ಸಲಕ್ಕೆ ಹೆಂಗಸರೆಲ್ಲ 'ಮಲಗು ಕಂದಾ' ಎಂದು ಸೇರಿಕೊಂಡರು. ಯಾರೂ ಹೇಳದೆಯೇ ಅತ್ತೆ ಹೋಗಿ ಕಿಟಕಿ ಮುಚ್ಚಿದರು. ಮಗಳು ಆಕಳಿಸಿ ನಿದ್ದೆ ಹೋದಳು.

ನೆಂಟರು ಊಟ ಮುಗಿಸಿ ಹೊರಟ ಮೇಲೆ ಮಾವನನ್ನು ಹುಡುಕಿದೆ. ಹಿಂದಿನ ಜಗಲಿಯಲ್ಲಿ ಹೊಳೆ ನೋಡುತ್ತ ಒಬ್ಬರೇ ಕೂತಿದ್ದರು. ಹೊಗಳಿಕೆಗೆ ಉತ್ತರವಾಗಿ ಹತ್ತು ಚರಣವಾದರೂ ಬರುತ್ತದೆಂದು ಸಿದ್ಧಳಾಗಿಯೇ ಹೋದೆ. ಬೆರಳುಗಳು ತೊಡೆಯ ಮೇಲೆ ಸುಮ್ಮನಿದ್ದವು.

"ನಮ್ಮವ್ವ ಹೋದಾಗ ನಂಗೆ ಮೂರು ವರ್ಷ. ಅಕ್ಕನೇ ನನ್ನ ಮಲಗಿಸ್ತಿದ್ದದ್ದು. ಅವಳಿಗೆ ಹಾಡು ಬರ್ತಿರ್ಲಿಲ್ಲ. ಕಿಟಕಿ ಮುಚ್ಚಿ, ಬೆನ್ನು ತಟ್ತಿದ್ಳು. ಒಂದೇ ಸಮ ತಟ್ತಿದ್ಳು" ಎಂದರು.

ಇಷ್ಟು ವರ್ಷ ಅವರು ತೊಡೆಯ ಮೇಲೆ ಎಣಿಸುತ್ತಿದ್ದದ್ದು ಏನೆಂದು ನನಗೆ ಆಗ ತಿಳಿಯಿತು. ಒಳಗೆ ಹೋಗಿ ಸೀರೆಯ ಇನ್ನೊಂದು ತುಂಡು ತಂದು ಅವರ ಹೆಗಲಿಗೆ ಹೊದಿಸಿದೆ. "ಗಾಳಿ ಬತ್ತದೆ ಮಾವ, ಒಳಗೆ ಬಾ" ಎಂದೆ.

ಮಾವ ಅದರ ಅಂಚನ್ನು ಕೆನ್ನೆಗೆ ಒತ್ತಿಕೊಂಡು, "ಚುಚ್ಚಲ್ಲ ಮಗಳೇ" ಎಂದರು.