ಒಂದೇ ದಿನ ಮೂರು ಸಲ

ಚೆನ್ ಸುಹುವಾ ಹೇಳಿದ್ದು ಇಷ್ಟೇ: "ಯುವಾನ್‌ಫೆನ್ ನೋಡೋಣ." ಆ ಎರಡು ಪದಕ್ಕೆ ಅರ್ಥ ಹಚ್ಚುತ್ತ ಚೀನಾದ ಯಾಂಗ್‌ಝೌ ಊರಿನ ಒಂದು ಇಡೀ ಓಣಿ ಮೂರು ದಿನದಿಂದ ತಲೆ ಕೆಡಿಸಿಕೊಂಡಿತ್ತು.

ಆ ಉತ್ತರ ಬಂದದ್ದು ಜಿಯಾವ್ ಬೊಲಿಯಾಂಗ್‌ನ ಮದುವೆ ಪ್ರಸ್ತಾಪಕ್ಕೆ. ಅವನಿಗೆ ಮೂವತ್ತಾರು. ಹಳೆಯ ಸ್ನಾನಗೃಹವೊಂದರಲ್ಲಿ ಗಿರಾಕಿಗಳ ಕಾಲಿನ ಆಣಿ ತೆಗೆದು ಉಗುರು ಒಪ್ಪಮಾಡುವುದು ಅವನ ಕಸುಬು. ಊರಿನ ಅರ್ಧ ಜನರ ಪಾದ ಅವನಿಗೆ ಗುರುತಿತ್ತು, ಮುಖ ಮಾತ್ರ ಗೊತ್ತಿರಲಿಲ್ಲ. ಸುಹುವಾ ನಾರುಬೇರಿನ ಔಷಧಿ ಅಂಗಡಿಯಲ್ಲಿ ಪುಟ್ಟ ತಕ್ಕಡಿ ಹಿಡಿದು ಕೂರುವವಳು. ಬೊಲಿಯಾಂಗ್ ಎರಡು ವರ್ಷದಿಂದ ಇಲ್ಲದ ಕೆಮ್ಮಿಗೆ ಅವಳಲ್ಲಿ ಔಷಧಿ ಕೊಳ್ಳುತ್ತಿದ್ದ. ಬಾಯಿಬಿಟ್ಟು ಕೇಳುವ ಧೈರ್ಯ ಅವನಿಗೆ ಹುಟ್ಟಲಿಲ್ಲ. ಕೊನೆಗೆ ಕೆಳಗಿನ ಮನೆಯ ಗೊಂಗ್ ದೊಡ್ಡಮ್ಮನೇ ಹೋಗಿ ಕೇಳಿಬಂದಳು. ಬ್ಯಾಂಕಿನವನೊಬ್ಬನೂ ಅವಳ ಸುತ್ತ ಸುಳಿಯುತ್ತಿದ್ದಾನೆಂಬ ಸುದ್ದಿ ಇತ್ತು. ಈ ಸಲ ತಪ್ಪಿದರೆ ತನ್ನ ಬದುಕಿನಲ್ಲಿ ಇನ್ನೊಬ್ಬಳು ಇಲ್ಲವೆಂದು ಬೊಲಿಯಾಂಗ್‌ಗೆ ಖಚಿತವಾಗಿ ಗೊತ್ತಿತ್ತು.

ಋಣಾನುಬಂಧ ಎಂದರೆ ಯುವಾನ್‌ಫೆನ್‌ನ ಅರ್ಧ ಅರ್ಥ ಬಂದೀತು. ಉಳಿದರ್ಧ ಗೊಂಗ್ ದೊಡ್ಡಮ್ಮನಂಥವರಿಗೆ ಮಾತ್ರ ಗೊತ್ತು.

"'ಯುವಾನ್‌ಫೆನ್ ಇಲ್ಲ' ಅಂದಿದ್ರೆ ಬಾಗಿಲು ಹಾಕಿದ ಹಾಗೆ," ಎಂದು ಅವಳು ಬಿಡಿಸಿ ಹೇಳಿದಳು. "ಕೇಳಿದೋರಿಗೂ ಅವಮಾನ ಇಲ್ಲ, ಒಲ್ಲೆ ಅಂದೋರಿಗೂ ಪಾಪ ಇಲ್ಲ, ತಪ್ಪೆಲ್ಲ ದೇವರ ತಲೆಗೆ. ಆದ್ರೆ 'ನೋಡೋಣ' ಅಂದಿದಾಳೆ. ಬಾಗಿಲು ಓರೆ ಮಾಡಿದಾಳೆ ಕಣಪ್ಪ. ನೀನು ಹೋಗಿ ತಳ್ಳಬೇಡ. ತಾನಾಗೇ ತೆರೆದುಕೊಂಡ ಹಾಗೆ ಕಾಣಬೇಕು."

ತಾನಾಗಿ ತೆರೆಯುವ ಏರ್ಪಾಡನ್ನೆಲ್ಲ ದೊಡ್ಡಮ್ಮನೇ ಮಾಡಿದಳು. ಬುಧವಾರ ಸುಹುವಾಳಿಗೆ ರಜೆ. ಬೆಳಿಗ್ಗೆ ಏಳಕ್ಕೆ ಟೀ ಅಂಗಡಿಗೆ ಬರುತ್ತಾಳೆ, ಆಮೇಲೆ ಬಸ್ಸು ಹಿಡಿದು ಹೂವಿನ ಸಂತೆಗೆ ಹೋಗುತ್ತಾಳೆ, ಸಂಜೆ ನಾಲ್ಕಕ್ಕೆ ಕಾಲುವೆಯ ಸೇತುವೆ ದಾಟುತ್ತಾಳೆ. ಮೂರು ಕಡೆಯೂ ಬೊಲಿಯಾಂಗ್ ಆಕಸ್ಮಿಕವಾಗಿ ಎದುರಾಗಬೇಕು. ಒಂದೇ ದಿನ ಮೂರು ಸಲ ಎದುರಾದವನನ್ನು ಬೇಡವೆನ್ನಲು ಯಾವ ಹೆಣ್ಣಿಗೂ ಧೈರ್ಯ ಬರುವುದಿಲ್ಲ ಎಂಬುದು ಅವಳ ಲೆಕ್ಕಾಚಾರ.

ಏಳಕ್ಕೆ ಬೊಲಿಯಾಂಗ್ ಇದ್ದ ಒಂದೇ ಒಳ್ಳೆಯ ಕೋಟು ತೊಟ್ಟು ಟೀ ಅಂಗಡಿಯಲ್ಲಿ ಕುಳಿತ. ಎದುರಿನ ಕುರ್ಚಿಯ ಮೇಲೆ ತನ್ನ ಟೋಪಿ ಇಟ್ಟ. ಸುಹುವಾ ಬರಲಿಲ್ಲ. ಬಂದದ್ದು ಅರವತ್ತು ದಾಟಿದ ಒಬ್ಬ ಮುದುಕ. ಅವನ ಕೈಯಲ್ಲಿ ಬಾತುಮೊಟ್ಟೆಯ ಬುಟ್ಟಿ. ಟೋಪಿಯನ್ನು ಪಕ್ಕಕ್ಕೆ ಸರಿಸಿ ಕುಳಿತೇಬಿಟ್ಟ. ತುಂಬಿದ ಅಂಗಡಿಯಲ್ಲಿ ಯಾರು ಎಲ್ಲಿ ಬೇಕಾದರೂ ಕೂರಬಹುದು, ಹಾಗಾಗಿ ಏಳಿ ಎನ್ನುವಂತಿರಲಿಲ್ಲ. ತನ್ನ ಹೆಸರು ಚೆನ್ ಎಂದ. ಯಾಂಗ್‌ಝೌನಲ್ಲಿ ಚೆನ್ ಎಂದು ಕೂಗಿದರೆ ಅರ್ಧ ಬಸ್ಸು ತಿರುಗಿ ನೋಡುತ್ತದೆ, ಬೊಲಿಯಾಂಗ್ ಅದನ್ನು ಕಿವಿಗೇ ಹಾಕಿಕೊಳ್ಳಲಿಲ್ಲ. ಮಗಳನ್ನು ನೋಡಲು ಹಳ್ಳಿಯಿಂದ ಒಂದು ಬಸ್ಸು ಮುಂಚೆಯೇ ಬಂದೆನೆಂದೂ, ಫೋನು ಮನೆಯಲ್ಲೇ ಮರೆತೆನೆಂದೂ, ಸಂಜೆಯವರೆಗೆ ಊರು ಸುತ್ತಿ ಅವಳ ಮನೆಗೆ ಹೋಗುವೆನೆಂದೂ ಮುದುಕ ಹೇಳಿದ. ಹೇಳುತ್ತಲೇ ಬೊಲಿಯಾಂಗ್‌ನ ಬನ್ನಿನಲ್ಲೂ ಅರ್ಧ ತಿಂದ.

ಸಂತೆಗೆ ಹೊರಟ ಬಸ್ಸಿನಲ್ಲಿ ಬೊಲಿಯಾಂಗ್ ಕಿಟಕಿಯಿಂದ ಕತ್ತು ಹೊರಹಾಕಿ ಸುಹುವಾಳನ್ನು ಹುಡುಕುತ್ತಿದ್ದ. ಚಾಲಕ ಗಕ್ಕನೆ ಬ್ರೇಕು ಹಾಕಿದಾಗ ಯಾರೋ ಬುಟ್ಟಿ ಸಮೇತ ಅವನ ಮಡಿಲಿಗೆ ಬಿದ್ದರು. ಆರು ಮೊಟ್ಟೆ ಒಳ್ಳೆಯ ಕೋಟಿನ ಮೇಲೆ ಒಡೆದವು.

"ಅರೆ, ನೀನೇ!" ಎಂದ ಮುದುಕ. ಮೊಟ್ಟೆ ಹೋದದ್ದಕ್ಕೆ ಅವನಿಗೆ ಸ್ವಲ್ಪವೂ ಬೇಜಾರಾದಂತೆ ಕಾಣಲಿಲ್ಲ. "ಇದು ಯುವಾನ್‌ಫೆನ್ ಅಲ್ದೆ ಇನ್ನೇನು?" ಬಸ್ಸಿನವರೆಲ್ಲ ಹೌದು ಹೌದೆಂದು ತಲೆಯಾಡಿಸಿದರು.

ಆ ವೇಷದಲ್ಲಿ ಹೆಣ್ಣಿನೆದುರು ನಿಲ್ಲುವುದಾದರೂ ಹೇಗೆ? ಬೊಲಿಯಾಂಗ್ ಮುಂದಿನ ನಿಲ್ದಾಣದಲ್ಲಿ ಇಳಿದು ತನ್ನದೇ ಸ್ನಾನಗೃಹಕ್ಕೆ ಓಡಿದ. ಕೋಟನ್ನು ತೊಳೆದು ಒಲೆಯ ಪಕ್ಕ ಒಣಗಿಹಾಕಿದ. ಅದು ಒಣಗುವವರೆಗೆ ಬಿಸಿನೀರಿಗಿಳಿದು ಕಣ್ಣು ಮುಚ್ಚಿದ. ಕಣ್ಣು ತೆರೆದಾಗ ಹಬೆಯ ಆಚೆ ಅದೇ ಮುದುಕನ ತಲೆ ಕಂಡಿತು.

ಈ ಸಲ ಮುದುಕ ನಗಲಿಲ್ಲ. ಹೆಂಡತಿ ತೀರಿಕೊಂಡು ನಾಲ್ಕು ವರ್ಷವಾಯಿತೆಂದ. ಒಡಹುಟ್ಟಿದವರಿಲ್ಲ. ದಿನವಿಡೀ ಬಾತುಕೋಳಿಗಳ ಜೊತೆಗೇ ಮಾತು.

"ಭೇಟಿ ಆಗೋದು ಒಂದು, ಜೊತೇಲಿರೋ ಪಾಲು ಇನ್ನೊಂದು," ಎಂದ. "ಯುವಾನ್ ಅಂದ್ರೆ ಮೊದಲನೇದು, ಫೆನ್ ಅಂದ್ರೆ ಎರಡನೇದು. ಎಷ್ಟೋ ಜನಕ್ಕೆ ಮೊದಲನೇದು ಸಿಗುತ್ತೆ, ಎರಡನೇದು ಸಿಗಲ್ಲ. ಇವತ್ತು ಮೂರು ಸಲ ಸಿಕ್ಕಿದೀಯ. ನಾನು ಹುಡುಕಲಿಲ್ಲ, ನೀನೂ ಹುಡುಕಲಿಲ್ಲ. ನನ್ನ ತಮ್ಮ ಆಗ್ತೀಯಾ?"

ಬೊಲಿಯಾಂಗ್‌ಗೂ ತನ್ನವರೆಂದು ಯಾರೂ ಇರಲಿಲ್ಲ. ತನ್ನನ್ನು ಬೇಕೆಂದು ಕೇಳಿದ ಮೊದಲ ಮನುಷ್ಯ ಇವನು. ತಾನಾಗಿ ಬಂದ ಯುವಾನ್‌ಫೆನ್‌ಗೆ ಬೆನ್ನು ತಿರುಗಿಸಿದರೆ ಸುಹುವಾಳದೂ ಕೈತಪ್ಪೀತೆಂಬ ಹೆದರಿಕೆ ಬೇರೆ. ಸ್ನಾನಗೃಹದ ಯಜಮಾನ ಟೀ ತಂದಿಟ್ಟ. ಟವೆಲು ಸುತ್ತಿದ ನಲವತ್ತು ಗಂಡಸರ ಎದುರು ಇಬ್ಬರೂ ಹುಟ್ಟಿದ ವರ್ಷ ಹೇಳಿಕೊಂಡು, ಮೂರು ಸಲ ಬಾಗಿ, ಅಣ್ಣ ತಮ್ಮಂದಿರೆಂದು ಆಣೆ ಮಾಡಿದರು. ಆಮೇಲೆ ಬೊಲಿಯಾಂಗ್ ಅಣ್ಣನ ಪಾದವನ್ನು ಮಡಿಲಲ್ಲಿಟ್ಟುಕೊಂಡು ಹಳೆಯ ಆಣಿಗಳನ್ನೆಲ್ಲ ನೋವಾಗದಂತೆ ತೆಗೆದ.

ಮೂರೂವರೆಗೆ ದೊಡ್ಡಮ್ಮನ ಫೋನು ಬಂತು. ಸುಹುವಾ ಬೆಳಿಗ್ಗೆಯಿಂದ ಯಾರನ್ನೋ ಹುಡುಕುತ್ತ ಊರೆಲ್ಲ ಅಲೆಯುತ್ತಿದ್ದಾಳಂತೆ, ಹೇಗೂ ಸೇತುವೆ ದಾಟಲೇಬೇಕು, ತಕ್ಷಣ ಓಡು ಎಂದಳು. ಅಷ್ಟರಲ್ಲಿ ಮುದುಕ ಅವನ ತೋಳು ಹಿಡಿದ. ಮಗಳ ಮನೆಗೆ ಊಟಕ್ಕೆ ಬರಲೇಬೇಕು, ತಮ್ಮನನ್ನು ತೋರಿಸದೆ ಹೋದರೆ ಈ ಆಣೆಗೇನು ಬೆಲೆ ಎಂದ. ಹೊಸದಾಗಿ ಆದ ಅಣ್ಣನ ಮೊದಲ ಮಾತು ಮೀರುವುದು ಹೇಗೆ? ಬೊಲಿಯಾಂಗ್ ಸೇತುವೆಯ ದಿಕ್ಕಿಗೊಮ್ಮೆ ನೋಡಿ, ಒಲೆಯ ಪಕ್ಕದ ಕೋಟು ತೊಟ್ಟು ಅವನ ಹಿಂದೆ ನಡೆದ. ಮುದುಕ ವಿಳಾಸದ ಚೀಟಿ ಓದಿಕೊಂಡು ತಿರುಗಿದ ಪ್ರತಿ ತಿರುವೂ ಬೊಲಿಯಾಂಗ್‌ಗೆ ಪರಿಚಿತವಾಗಿತ್ತು. ಕೊನೆಯ ತಿರುವಿನಲ್ಲಿ ಅವನ ಕಾಲು ನಿಂತಿತು.

ಔಷಧಿ ಅಂಗಡಿಯ ಹಿಂದೆಯೇ ಅವಳ ಮನೆ. ಅಂಗಡಿಯ ಮೆಟ್ಟಿಲ ಮೇಲೆ ಸುಹುವಾ ಕುಳಿತಿದ್ದಳು. ದಿನವಿಡೀ ಹುಡುಕಿದರೂ ತಂದೆ ಸಿಗದೆ ಅತ್ತು ಕಣ್ಣು ಕೆಂಪಾಗಿತ್ತು. ತಂದೆಯನ್ನು ಕಂಡು ಎದ್ದಳು, ಪಕ್ಕದಲ್ಲಿ ಬೊಲಿಯಾಂಗ್‌ನನ್ನು ಕಂಡು ಅವಳ ಮುಖ ಅರಳಿತು. ಎರಡು ವರ್ಷದ ಕೆಮ್ಮಿನಲ್ಲಿ ಅವನು ಒಮ್ಮೆಯೂ ಕಾಣದ ಮುಖ ಅದು.

"ಅಪ್ಪ, ನಾನು ತೋರಿಸೋಕೆ ಮುಂಚೆ ನೀವೇ..." ಎಂದು ಶುರುಮಾಡಿದಳು.

"ಬಗ್ಗಿ ನಮಸ್ಕಾರ ಮಾಡಮ್ಮ," ಎಂದ ಮುದುಕ ಹೆಮ್ಮೆಯಿಂದ. "ಇವತ್ತಿಂದ ನಿಂಗೆ ಚಿಕ್ಕಪ್ಪ. ನಲವತ್ತು ಜನದ ಮುಂದೆ ಆಣೆ ಮಾಡಿದೀವಿ."

ಸುಹುವಾ ಬೊಲಿಯಾಂಗ್‌ನನ್ನು ನೋಡಿದಳು. ಅವನು ನೆಲ ನೋಡಿದ. ಒಂದು ಮಾತಾಡಿದ್ದರೆ ಸಾಕಿತ್ತು, ಆದರೆ ಅದರಿಂದ ಆ ಮುದುಕ ನಲವತ್ತು ಜನರೆದುರು ಮಾಡಿದ ಆಣೆ ನಗೆಪಾಟಲಾಗುತ್ತಿತ್ತು. ಅವನು ಅಣ್ಣನ ಹಿಂದೆ ಒಳಗೆ ನಡೆದ.

ಒಳಗೆ ಕುಳಿತಮೇಲೆ ಮುದುಕನಿಗೆ ನೆನಪಾಯಿತು. "ಯಾರನ್ನೋ ನೋಡೋಕೆ ಬಾ ಅಂತ ಬರೆದಿದ್ಯಲ್ಲ, ಎಲ್ಲಿ ಆ ಹುಡುಗ?"

ಸುಹುವಾ ಟೀ ಬಗ್ಗಿಸುತ್ತಿದ್ದಳು. "ಯುವಾನ್‌ಫೆನ್ ಇಲ್ಲ, ಅಪ್ಪ," ಎಂದಳು. ಬಟ್ಟಲನ್ನು ಎರಡೂ ಕೈಯಲ್ಲಿ ಹಿಡಿದು ಬೊಲಿಯಾಂಗ್‌ನ ಮುಂದೆ ತಲೆ ಬಾಗಿಸಿದಳು. "ಚಿಕ್ಕಪ್ಪ, ಟೀ ತಗೊಳ್ಳಿ."

ಅವನು ತೆಗೆದುಕೊಂಡು ಕುಡಿದ. ಬಾಯಿ ಸುಟ್ಟದ್ದು ಗೊತ್ತಾಗಲಿಲ್ಲ.

ಮುದುಕ ಅವನ ಬೆನ್ನು ತಟ್ಟಿದ. "ಬೇಜಾರು ಯಾಕೆ ತಮ್ಮಾ? ನಾನಂತೂ ಹಳ್ಳೀಲಿರೋನು. ಇನ್ನು ಇವಳಿಗೊಂದು ಒಳ್ಳೆ ಗಂಡು ಹುಡುಕೋ ಜವಾಬ್ದಾರಿ ಚಿಕ್ಕಪ್ಪನಾದ ನಿಂದೇ. ಯಾರೋ ಬ್ಯಾಂಕಿನವನು ಕೇಳ್ತಿದಾನೆ ಅಂತ ಮುಂಚೆ ಬರೆದಿದ್ಲು, ನಾಳೆ ಹೋಗಿ ವಿಚಾರಿಸ್ಕೊಂಡು ಬಾ."

"ಆಗಲಿ ಅಣ್ಣ," ಎಂದ ಬೊಲಿಯಾಂಗ್.